ಮೂರು ಕರಿ ಕುರಿಮರಿ

ವಾರದಿಂದ ನಮ್ಮ ಅಡುಗೆಮನೆಯಲ್ಲಿ ಒಂದೇ ಸಾಲು: 'ತರೀಕೆರೆ ಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯ್ತಿತ್ತು.' ಬೇಗ ಹೇಳಿದರೆ ನನ್ನ 'ಕರಿ ಕುರಿ' ಹೋಗಿ 'ಕುರಿ ಕುರಿ' ಆಗಿಬಿಡುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ಗೊತ್ತಾಯ್ತು, ನಾನು ಎಡವುತ್ತಿರುವುದು 'ರ'ದಲ್ಲಿ ಅಲ್ಲ. ಮುಂದೆ ಬರುವ 'ಕು'ಗೆ ತುಟಿ ಮೊದಲೇ ದುಂಡಗಾಗುತ್ತಿದೆ!

ಈಗ ಬರೀ 'ಕರಿ, ಕುರಿ, ಮರಿ', ಪದಕ್ಕೊಂದು ಚಪ್ಪಾಳೆ. ಸತತ ಐದು ಸಲ ತಪ್ಪಿಲ್ಲದೆ ಬಂದರೆ ಚಪ್ಪಾಳೆ ಸ್ವಲ್ಪ ಚುರುಕು. ತಪ್ಪಿದರೆ ಮತ್ತೆ ಹಿಂದಿನ ವೇಗ. ಅದು ಪಳಗಿದ ಮೇಲಷ್ಟೇ ಇಡೀ ಸಾಲು.

ಮಗಳಿಗೆ ಮಾತ್ರ ಇದು ಉಪಯೋಗಕ್ಕಿಲ್ಲ. ಅವಳಿಗೆ ಕಷ್ಟ ಇರೋದು ಲ-ಳ. ಈ ಸಾಲಲ್ಲಿ ಒಂದೂ 'ಳ' ಇಲ್ಲ ಅಲ್ವಾ? ಅದಕ್ಕೇ 'ಹಳ್ಳಿ ಹಲ್ಲಿ ಬಳ್ಳಿ ಮೇಲೆ' ಅಂತ ನಾನೇ ಒಂದು ಹೊಸೆದು ಕೊಟ್ಟೆ. ಸದ್ಯಕ್ಕೆ ಎರಡೂ 'ಹಲ್ಲಿ'ಯೇ!