ಹೊಸ ದಾಸವಾಳಕ್ಕೆ ಯುಟಿಲಿಟಿಯಲ್ಲಿ ಮೂರು ವಾರ

ಹೋದ ವರ್ಷ ನರ್ಸರಿಯಿಂದ ತಂದ ದಾಸವಾಳವನ್ನು ಸೀದಾ ಟೆರೇಸಿಗೆ ಒಯ್ದು ಅಮ್ಮನ ಹಳೇ ದಾಸವಾಳದ ಪಕ್ಕ ಇಟ್ಟಿದ್ದೆ. ತಿಂಗಳೊಳಗೆ ಎರಡರ ಚಿಗುರಲ್ಲೂ ಹಿಟ್ಟು ತಿಗಣೆ. ಹೊಸದು ಹೇಗೋ ಉಳಿಯಿತು, ಅಮ್ಮನದು ಹೋಯಿತು. ಅಮ್ಮ ಏನೂ ಅನ್ನಲಿಲ್ಲ, ಪೂಜೆಗೆ ಹೂವು ಕೊಳ್ಳಲು ಶುರು ಮಾಡಿದಳು ಅಷ್ಟೇ.

ಹಾಗಾಗಿ ಈ ಫೆಬ್ರವರಿಯಲ್ಲಿ ಹಳದಿ ದಾಸವಾಳ ತಂದಾಗ ಅದನ್ನು ಅಡುಗೆಮನೆ ಹಿಂದಿನ ಯುಟಿಲಿಟಿಯಲ್ಲೇ ಇಟ್ಟೆ. ಮೂರು ವಾರ, ಬೇರೆ ಯಾವ ಗಿಡಕ್ಕೂ ತಾಗದ ಹಾಗೆ. ತರುವಾಗ ಎಲೆ ತಿರುಗಿಸಿ ನೋಡಿದ್ದೆ, ಏನೂ ಇರಲಿಲ್ಲ. ಆದರೆ ಮರಿ ತಿಗಣೆ ತುಂಬಾ ಸಣ್ಣದು, ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಕೂತರೆ ಕಾಣುವುದೇ ಇಲ್ಲ. ಅದಕ್ಕೇ ಕಾಯುವುದು. ಒಂಬತ್ತನೇ ದಿನ ಕಾಂಡದ ಮೇಲೆ ಇರುವೆ ಸಾಲು ಕಂಡಿತು. ತಿಗಣೆ ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತದೆ, ಹಾಗಾಗಿ ಇರುವೆ ಕಂಡರೆ ಮೇಲೆ ಹುಡುಕಬೇಕು. ಹುಡುಕಿದರೆ ತುದಿ ಚಿಗುರಲ್ಲಿ ಹತ್ತಿಯಂಥ ಎರಡು ಬಿಳಿ ಚುಕ್ಕೆ! ಹತ್ತಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿದೆ. ಆಮೇಲೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಸಂಜೆ ಹೊತ್ತು ಸಿಂಪಡಿಸಿದೆ. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ವಾರ ಬಿಟ್ಟು ಇನ್ನೊಂದು ಸಲ, ಒಮ್ಮೆಗೇ ಎಲ್ಲಾ ಮರಿಗಳೂ ಸಾಯುವುದಿಲ್ಲ.

ನೀರಿನ ವಿಷಯಕ್ಕೆ ಬಂದರೆ, ತಂದ ಕೂಡಲೇ ಸುಮ್ನೆ ಒಂದು ಚೊಂಬು ಸುರಿಯುವುದು ನಮ್ಮೆಲ್ಲರ ಅಭ್ಯಾಸ ಅಲ್ವಾ? ಈ ಸಲ ಮೊದಲು ಬೆರಳು ಎರಡು ಗೆಣ್ಣಿನವರೆಗೆ ಇಳಿಸಲು ನೋಡಿದೆ. ಹಸಿ ಇದ್ದರೆ ನೀರೇ ಬೇಡ. ಆದರೆ ಇದರ ಕೆಂಪು ಮಣ್ಣು ಒಣಗಿ ಇಟ್ಟಿಗೆಯ ಹಾಗಾಗಿತ್ತು, ಬೆರಳೇ ಇಳಿಯಲಿಲ್ಲ. ಇಂಥ ಮಣ್ಣಿಗೆ ಮೇಲಿಂದ ನೀರು ಹಾಕಿದರೆ ಅದು ಕವರಿನ ಅಂಚಿನಲ್ಲೇ ಜಾರಿ ಕೆಳಗಿನ ತೂತಿಂದ ಹೊರಗೆ ಹೋಗುತ್ತದೆ, ನಮಗೆ ಮಾತ್ರ ಗಿಡ ಕುಡಿಯಿತು ಅನಿಸುತ್ತದೆ, ಒಳಗೆ ಬೇರು ಒಣಗಿಯೇ ಇರುತ್ತದೆ. ಕವರ್ ಸಮೇತ ಬಕೆಟ್ ನೀರಲ್ಲಿ ಅರ್ಧ ಗಂಟೆ ಕೂರಿಸಿದೆ. ಗುಳ್ಳೆ ನಿಂತ ಮೇಲೆ ತೆಗೆದು ಬಸಿಯಲು ಬಿಟ್ಟೆ. ಕವರಿಂದ ಕುಂಡಕ್ಕೆ ಬದಲಿಸಲು ಅವಸರ ಮಾಡಲಿಲ್ಲ, ಗೊಬ್ಬರವನ್ನೂ ಹಾಕಲಿಲ್ಲ.

ನಾಲ್ಕೈದು ಎಲೆ ಹಳದಿಯಾಗಿ ಉದುರಿದವು. ಜಾಗ ಬದಲಾದರೆ ಅದು ಮಾಮೂಲು, ಚಿಗುರು ಹಸಿರಾಗಿದ್ದರೆ ಸಾಕು. ನರ್ಸರಿಯ ಹಸಿರು ನೆಟ್ಟಿನ ನೆರಳಲ್ಲಿ ಬೆಳೆದ ಗಿಡಕ್ಕೆ ಟೆರೇಸಿನ ಮಧ್ಯಾಹ್ನದ ಬಿಸಿಲು ಒಮ್ಮೆಗೇ ತಡೆಯುವುದಿಲ್ಲ, ಎಲೆ ಮೇಲೆ ಬಿಳಿಚಿದ ಕಂದು ಕಲೆ ಬೀಳುತ್ತದೆ. ಯುಟಿಲಿಟಿಗೆ ಬೆಳಿಗ್ಗೆ ಒಂದೂವರೆ ಗಂಟೆ ಬಿಸಿಲು ಬರುತ್ತದೆ, ಶುರುವಿಗೆ ಅಷ್ಟೇ ಸಾಕಾಯಿತು. ನಾಲ್ಕನೇ ವಾರ ಟೆರೇಸಿಗೆ ಒಯ್ದು, ಹತ್ತು ದಿನ ಹನ್ನೊಂದು ಗಂಟೆಗೆಲ್ಲಾ ಟ್ಯಾಂಕಿನ ನೆರಳಿಗೆ ಸರಿಸುತ್ತಿದ್ದೆ.

ಮೇಲೆ ಒಯ್ದ ದಿನ ಅಮ್ಮ ಎಲೆಗಳನ್ನೆಲ್ಲಾ ತಿರುಗಿಸಿ ನೋಡಿದಳು. ಆಮೇಲೆ ತನ್ನ ಮಲ್ಲಿಗೆ ಕುಂಡವನ್ನು ಎರಡಡಿ ಆಚೆ ಎಳೆದುಕೊಂಡಳು.