ಫೋಟೋದಲ್ಲಿ ಬೆಳ್ಳಗೆ ಹೊಳೆದ ಕಣ್ಣು

"ಮೇಡಂ, ನಮ್ಮ ಕೂಸಿನ ಫೋಟೋದಾಗ ಒಂದು ಕಣ್ಣು ಬೆಕ್ಕಿನ ಕಣ್ಣಿನಂಗ ಬೆಳ್ಳಗ ಹೊಳೀತದ. ಒಮ್ಮೊಮ್ಮೆ ಮೆಳ್ಳನೂ ಕಾಣಸ್ತದ. ಫ್ಲಾಶಿಂದೇ ಇರ್ಬೇಕಲ್ರಿ? ಸ್ವಲ್ಪ ದೊಡ್ಡದಾದ ಮ್ಯಾಲ ತೋರಿಸಿದ್ರ ನಡೀತದೇನ್ರಿ?"

ಫ್ಲಾಶಿನದೇ ಇದ್ದರೂ ಇರಬಹುದು. ಆದರೆ ಕಣ್ಣೊಳಗೆ ನೋಡದೆ ಅದನ್ನು ಹೇಳಲು ಬರುವುದಿಲ್ಲ. ದೊಡ್ಡದಾಗುವವರೆಗೆ ಕಾಯಬೇಡಿ, ಈ ವಾರದಲ್ಲೇ ತೋರಿಸಿ.

ಕಲಬುರಗಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ನಾನು ಆಪ್ಟೊಮೆಟ್ರಿಸ್ಟ್. ಇಂಥ ಫೋಟೋ ತಂದವರಿಗೆ ಮೊದಲು ಕೇಳುವುದು, "ಕೂಸು ಎತ್ತ ನೋಡ್ಲಿಕತ್ತದ?" ಎಂದು. ಫೋನಿನಲ್ಲಿ ಫ್ಲಾಶ್ ಇರುವುದು ಕ್ಯಾಮೆರಾದ ಪಕ್ಕದಲ್ಲೇ. ಬೆಳಕು ಪಾಪೆಯಿಂದ ಒಳಗೆ ಹೋಗಿ, ಹಿಂಭಾಗದ ರಕ್ತ ತುಂಬಿದ ಪದರಕ್ಕೆ ಬಿದ್ದು, ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ಅದಕ್ಕೇ ಫೋಟೋದಲ್ಲಿ ಕಣ್ಣು ಕೆಂಪಗೆ ಕಾಣುವುದು. ಆ ಕೆಂಪು ಒಳ್ಳೆಯ ಲಕ್ಷಣ. ನಡುವೆ ಬಿಳಿಯದೇನಾದರೂ ಅಡ್ಡ ಇದ್ದರೆ ಬೆಳ್ಳಗೆ ಹೊಳೆಯುತ್ತದೆ. ಅದು ಹುಟ್ಟಿನಿಂದ ಬಂದ ಪೊರೆ ಇರಬಹುದು, ಜಾಗ ಬಿಟ್ಟೆದ್ದ ಅಕ್ಷಿಪಟಲ ಇರಬಹುದು, ಅಕ್ಷಿಪಟಲದ ಮೇಲೆ ಬೆಳೆದ ಗಡ್ಡೆಯೂ ಇರಬಹುದು.

ಏನೂ ಇಲ್ಲದೆಯೂ ಬಿಳಿ ಬರುವುದುಂಟು. ನರವು ಕಣ್ಣಿನಿಂದ ಹೊರಡುವ ಜಾಗ ತುಸು ಬಿಳಿಚಿಕೊಂಡಿರುತ್ತದೆ. ಅದು ನಡುಬಿಂದುವಿನಿಂದ ಮೂಗಿನ ಕಡೆಗೆ ಸುಮಾರು 15 ಡಿಗ್ರಿ ಸರಿದು ಕೂತಿದೆ. ಕೂಸು ಪಕ್ಕಕ್ಕೆ ನೋಡಿದಾಗ ಮೂಗಿನತ್ತ ಹೊರಳಿದ ಕಣ್ಣಿನ ಆ ಜಾಗ ಸೀದಾ ಕ್ಯಾಮೆರಾಕ್ಕೆ ಎದುರಾಗುತ್ತದೆ. ಅಂಥ ಒಂದೇ ಫೋಟೋ ಇದ್ದರೆ ನನಗೆ ಅಷ್ಟು ಗಾಬರಿಯಾಗುವುದಿಲ್ಲ. ಕ್ಯಾಮೆರಾವನ್ನೇ ನೋಡುತ್ತಿದ್ದು, ಮತ್ತೆ ಮತ್ತೆ ಅದೇ ಕಣ್ಣು ಬೆಳ್ಳಗೆ ಬಂದರೆ ಗಾಬರಿಯಾಗುತ್ತದೆ. ಎರಡರಲ್ಲೂ ಪರೀಕ್ಷೆ ಮಾತ್ರ ಬಿಡುವುದಿಲ್ಲ.

ಇನ್ನು ಮೆಳ್ಳೆಗಣ್ಣು. ನಮ್ಮ ಕಡೆ ಅದನ್ನು ಅದೃಷ್ಟ ಎನ್ನುವ ಅಜ್ಜಿಯರಿದ್ದಾರೆ, ಅವರ ಜೊತೆ ವಾದ ಮಾಡಿ ನಾನೆಂದೂ ಗೆದ್ದಿಲ್ಲ. ಮೂಗಿನ ಬುಡ ಚಪ್ಪಟೆಯಿರುವ ಕೂಸುಗಳ ಕಣ್ಣು ನೆಟ್ಟಗಿದ್ದರೂ ಮೆಳ್ಳೆಯಂತೆ ಕಾಣುವುದು ನಿಜ. ಆಗ ಫ್ಲಾಶಿನ ಸಣ್ಣ ಚುಕ್ಕಿ ಎರಡೂ ಪಾಪೆಯಲ್ಲಿ ಒಂದೇ ಜಾಗಕ್ಕೆ ಬಿದ್ದಿರುತ್ತದೆ. ಮೂರ್ನಾಲ್ಕು ತಿಂಗಳವರೆಗೆ ಕಣ್ಣು ಆಗಾಗ ಅಲೆದಾಡುವುದೂ ಸಹಜ. ಆಮೇಲೂ ಹೊರಳಿದರೆ, ಇಲ್ಲವೇ ಮೊದಲಿನಿಂದಲೂ ಒಂದೇ ಸಮನೆ ಹೊರಳಿಕೊಂಡಿದ್ದರೆ, ಕಾಯುವಂತಿಲ್ಲ. ಸರಿಯಾಗಿ ಕಾಣದ ಕಣ್ಣನ್ನು ಮೆದುಳು ಕೈಬಿಡುತ್ತದೆ, ಹಿಡಿತ ತಪ್ಪಿದ ಕಣ್ಣು ಪಕ್ಕಕ್ಕೆ ಸರಿಯುತ್ತದೆ. ಹೀಗಾಗಿ ಕೆಲವು ಮಕ್ಕಳಲ್ಲಿ ಮೆಳ್ಳೆಗಣ್ಣು ಒಳಗಿನ ಬೇರೇನನ್ನೋ ಹೇಳುತ್ತಿರುತ್ತದೆ.

ಜೇವರ್ಗಿ ಕಡೆಯ ತಾಯಿಯೊಬ್ಬಳು ಹದಿನಾಲ್ಕು ತಿಂಗಳ ಮಗಳನ್ನು ಕರೆದುಕೊಂಡು ಬಂದಿದ್ದಳು. ಮೆಳ್ಳೆಗಣ್ಣು ತೋರಿಸಿದಾಗ, "ಐದು ವರ್ಷ ಆಗ್ಲಿ, ಆಪರೇಷನ್ ಮಾಡಿ ನೆಟ್ಟಗ ಮಾಡೋಣ" ಎಂದು ಒಬ್ಬರು ಹೇಳಿ ಕಳಿಸಿದ್ದರಂತೆ. ಪಾಪೆ ಹಿಗ್ಗಿಸಿ ನೋಡಿರಲಿಲ್ಲ. ನಾನು ಅವಳ ಫೋನಿನ ಫೋಟೋಗಳನ್ನು ಹಳೆಯದರಿಂದ ಒಂದೊಂದಾಗಿ ಸರಿಸುತ್ತ ಬಂದೆ. ತೊಟ್ಟಿಲ ಕಾರ್ಯಕ್ರಮದ್ದರಲ್ಲಿ ಎರಡೂ ಕಣ್ಣು ಕೆಂಪು. ಎಂಟನೇ ತಿಂಗಳಲ್ಲಿ ಬಲಗಣ್ಣು ಕೆಂಪು, ಎಡಗಣ್ಣು ಮಂಕು. ಜವಳದ ದಿನ ಸಂಜೆ, ನುಣ್ಣಗೆ ಬೋಳಿಸಿದ ತಲೆ, ಕೈಯಲ್ಲಿ ಬತ್ತಾಸು, ನೋಟ ಸೀದಾ ಕ್ಯಾಮೆರಾದತ್ತ: ಎಡಪಾಪೆ ಪೂರ್ತಿ ಹಳದಿ ಮಿಶ್ರಿತ ಬಿಳಿ. ಹಗಲು ಬೆಳಕಿನ ಹತ್ತಾರು ಫೋಟೋಗಳಲ್ಲಿ ಏನೂ ಇಲ್ಲ. ಬಿಸಿಲಿಗೆ ಪಾಪೆ ಕಿರಿದಾಗುತ್ತದೆ, ಫ್ಲಾಶೂ ಇರುವುದಿಲ್ಲ. ಫೋನೇ ಕೆಂಪುಗಣ್ಣು ತಿದ್ದುವ ಸೆಟ್ಟಿಂಗ್ ಇದ್ದರೂ ಫೋಟೋ ಮೋಸ ಮಾಡುತ್ತದೆ. ಆದ್ದರಿಂದ ಮನೆಯಲ್ಲಿ ಇನ್ನೊಂದು ಫೋಟೋ ತೆಗೆದು, ಬಿಳಿ ಬರಲಿಲ್ಲವೆಂದು ಸುಮ್ಮನಾಗಬೇಡಿ.

ಬಲಗಣ್ಣು ಮುಚ್ಚಿದ ಕೂಡಲೇ ಕೂಸು ಚೀರಿ ನನ್ನ ಕೈ ದೂಡಿತು. ಎಡಗಣ್ಣು ಮುಚ್ಚಿದರೆ ಆಟಿಗೆಯನ್ನೇ ನೋಡುತ್ತ ಕೂತಿತ್ತು. ಹನಿ ಹಾಕಿ ಪಾಪೆ ಹಿಗ್ಗಿದ ಮೇಲೆ ಡಾಕ್ಟರು ಒಳಗೆ ನೋಡಿದರು. ಕಂಡದ್ದು ಬಿಳಿ ಗಡ್ಡೆ. ಸ್ಕ್ಯಾನಿನಲ್ಲಿ ಅದರೊಳಗೆ ಸುಣ್ಣದ ಕಣಗಳು ಹೊಳೆದವು. ರೆಟಿನೋಬ್ಲಾಸ್ಟೋಮಾ, ಐದು ವರ್ಷದೊಳಗಿನ ಮಕ್ಕಳಿಗೇ ಹೆಚ್ಚಾಗಿ ಬರುವ ಕಣ್ಣಿನ ಕ್ಯಾನ್ಸರ್. ಇದರಲ್ಲಿ ಸೂಜಿ ಚುಚ್ಚಿ ತುಣುಕು ತೆಗೆಯುವುದಿಲ್ಲ, ಹೊರಗೆ ಹರಡುವ ಭಯವಿದೆ. ಅರಿವಳಿಕೆ ಕೊಟ್ಟು ಎರಡೂ ಕಣ್ಣು ಅಂಚಿನವರೆಗೆ ನೋಡಬೇಕೆಂದು ಡಾಕ್ಟರು ಅವತ್ತೇ ಹೈದರಾಬಾದಿಗೆ ಕಳಿಸಿದರು.

ಗಡ್ಡೆ ಸಣ್ಣದಿದ್ದಾಗ ಸಿಕ್ಕಿದ್ದರೆ ಲೇಸರ್, ಕೀಮೋಗಳಿಂದ ಕಣ್ಣು ಉಳಿಸಲು ಪ್ರಯತ್ನಿಸಬಹುದಿತ್ತು. ಅಷ್ಟರಲ್ಲಿ ಅದು ಕಣ್ಣು ತುಂಬಿಬಿಟ್ಟಿತ್ತು. ಜೀವ ಉಳಿಸಲು ಎಡಗಣ್ಣು ತೆಗೆದರು, ಆಮೇಲೆ ಕೃತಕ ಕಣ್ಣು ಕೂಡಿಸಿದರು. ಬಲಗಣ್ಣು ಚೆನ್ನಾಗಿದೆ, ಈಗಲೂ ಕೆಲ ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗಿ ತೋರಿಸಿ ಬರುತ್ತಾರೆ. ಈ ರೋಗ ಕೆಲವು ಮನೆಗಳಲ್ಲಿ ಜೀನಿನ ಮೂಲಕ ಬರುವುದರಿಂದ ಮೂರು ವರ್ಷದ ಅಣ್ಣನಿಗೂ ಹನಿ ಹಾಕಿ ನೋಡಿದೆವು. ಅವನಿಗೇನಿಲ್ಲ. ಹೋದ ತಿಂಗಳು ತಾಯಿ ಮತ್ತೆ ಬಂದಿದ್ದಳು, ಈಗ ಏಳು ತಿಂಗಳ ಬಸುರಿ. "ಹಡದ ವಾರದಾಗ ಕೂಸಿನ್ನ ಕರ್ಕೊಂಡು ಬರ್ತೀನ್ರಿ ಅಕ್ಕಾರ, ಹನಿ ಹಾಕಿ ನೋಡ್ರಿ" ಎಂದು ತಾನೇ ಹೇಳಿ ಹೋದಳು.