ಇಎಸ್‌ಆರ್ ಲೆಕ್ಕದ ಹಾಳೆ: ಇಲ್ಲಿಯವರೆಗೆ ಆದದ್ದು

ರಕ್ತ ಪರೀಕ್ಷೆಯ ಇಎಸ್‌ಆರ್ ಅಂಕಿಯನ್ನು ಸ್ಪ್ರೆಡ್‌ಶೀಟಿನಲ್ಲಿ ಲೆಕ್ಕ ಹಾಕಿ ತೆಗೆಯಬೇಕು ಅನ್ನುವುದು ಈ ಪ್ರಾಜೆಕ್ಟ್. ವೆಸ್ಟರ್‌ಗ್ರೆನ್ ವಿಧಾನದಲ್ಲಿ ನಾಲ್ಕು ಪಾಲು ರಕ್ತಕ್ಕೆ ಒಂದು ಪಾಲು ಸೋಡಿಯಂ ಸಿಟ್ರೇಟ್ ಬೆರೆಸಿ, ಸಣ್ಣ ಕೊಳವೆಯಲ್ಲಿ 200 ಮಿ.ಮೀ. ಎತ್ತರಕ್ಕೆ ತುಂಬಿ, ನೆಟ್ಟಗೆ ನಿಲ್ಲಿಸುತ್ತಾರೆ. ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿ.ಮೀ. ಕೆಳಗಿಳಿದವು ಅನ್ನುವುದೇ ಇಎಸ್‌ಆರ್.

ಮೊದಲು ಒಂದೇ ಕಣಕ್ಕೆ, ದ್ರವದಲ್ಲಿ ಗುಂಡು ಇಳಿಯುವ ವೇಗ ಕೊಡುವ ಸ್ಟೋಕ್ಸ್ ಸೂತ್ರ ಹಾಕಿದೆ:

v = 2(ρ₁−ρ₂)gr²/9η

v ಅಂದರೆ ವೇಗ, ρ₁ ಕಣದ ಸಾಂದ್ರತೆ, ρ₂ ಪ್ಲಾಸ್ಮಾದ ಸಾಂದ್ರತೆ, g ಗುರುತ್ವ ವೇಗೋತ್ಕರ್ಷ, r ತ್ರಿಜ್ಯ, η ಪ್ಲಾಸ್ಮಾದ ಸ್ನಿಗ್ಧತೆ. ಕಣವನ್ನು 2.8 ಮೈಕ್ರಾನ್ ತ್ರಿಜ್ಯದ ಗುಂಡು ಅಂದುಕೊಂಡರೆ ಗಂಟೆಗೆ ಸುಮಾರು 3 ಮಿ.ಮೀ. ಬರುತ್ತದೆ. ಆದರೆ ಕೊಳವೆಯಲ್ಲಿ ಕಣ ಒಂಟಿಯಾಗಿ ಇಳಿಯುವುದಿಲ್ಲ. ಕಣಗಳು ಕೆಳಗೆ ಹೋದಂತೆ ಪ್ಲಾಸ್ಮಾ ಅವುಗಳ ನಡುವಿನಿಂದಲೇ ಮೇಲೆ ಬರಬೇಕು, ಅದು ಎಲ್ಲವನ್ನೂ ತಡೆಯುತ್ತದೆ. ಇದಕ್ಕೆ (1−φ)^4.65 ಎಂಬ ಅಂದಾಜು ಗುಣಕ ಇದೆ. φ ಅಂದರೆ ಕಣಗಳು ತುಂಬಿದ ಪಾಲು. ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ ಎಷ್ಟು ಅನ್ನುವುದೇ ಹೆಮಟೋಕ್ರಿಟ್. ಅದು 45 ಇದ್ದವರ ರಕ್ತ ಸಿಟ್ರೇಟ್ ಬೆರೆಸಿದಾಗ 36 ಆಗುತ್ತದೆ, ವೇಗ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಉಳಿದದ್ದು ಗಂಟೆಗೆ ಅರ್ಧ ಮಿ.ಮೀ. ಕೂಡ ಇಲ್ಲ!

ಹಾಗಾದರೆ ಉರಿಯೂತ ಇದ್ದವರಲ್ಲಿ 60, 80 ಎಲ್ಲಿಂದ ಬರುತ್ತದೆ? ಉತ್ತರ ಸೂತ್ರದ r² ನಲ್ಲಿದೆ. ಕಣಗಳು ನಾಣ್ಯ ಜೋಡಿಸಿದ ಹಾಗೆ ಒಂದಕ್ಕೊಂದು ಅಂಟಿ ರೂಲೋ ಆಗುತ್ತವೆ, ರೂಲೋಗಳು ಸೇರಿ ದೊಡ್ಡ ಗುಂಪಾಗುತ್ತವೆ. ಎಂಟು ಕಣ ಸೇರಿದರೆ ತ್ರಿಜ್ಯ ಎರಡರಷ್ಟು, ವೇಗ ನಾಲ್ಕರಷ್ಟು. 512 ಕಣ ಸೇರಿದರೆ ವೇಗ 64 ಪಟ್ಟು, ಅಂದರೆ ಗಂಟೆಗೆ 22 ಮಿ.ಮೀ. ಆಸುಪಾಸು. ಗುಂಪು ದೊಡ್ಡದಾದಂತೆ ನಡುವೆ ಪ್ಲಾಸ್ಮಾಕ್ಕೆ ದಾರಿ ಅಗಲವಾಗುವುದರಿಂದ ನಿಜದ ವೇಗ ಇನ್ನೂ ಜಾಸ್ತಿಯೇ ಇರುತ್ತದೆ.

ಸುಮ್ನೆ ಬಿಟ್ಟರೆ ಕಣಗಳು ಹೀಗೆ ಅಂಟಿಕೊಳ್ಳುವುದು ಕಷ್ಟ. ಅವುಗಳ ಮೈಮೇಲಿನ ಸಯಾಲಿಕ್ ಆಮ್ಲದಿಂದ ಋಣ ವಿದ್ಯುದಂಶ ಇರುತ್ತದೆ, ಒಂದನ್ನೊಂದು ದೂರ ತಳ್ಳುತ್ತವೆ. ಈ ತಳ್ಳಾಟವನ್ನು ಮೀರಿಸಿ ಸೇರಿಸುವುದು ಮುಖ್ಯವಾಗಿ ಫೈಬ್ರಿನೋಜನ್ ಎಂಬ ಉದ್ದನೆಯ ಪ್ರೋಟೀನ್. ಉರಿಯೂತದಲ್ಲಿ ಐಎಲ್-6 ಎಂಬ ಸಂದೇಶ ಯಕೃತ್ತಿಗೆ ತಲುಪಿ ಅದರ ತಯಾರಿ ಹೆಚ್ಚುತ್ತದೆ. ಇಮ್ಯುನೊಗ್ಲಾಬ್ಯುಲಿನ್ ಎಂಬ ಪ್ರತಿಕಾಯ ಪ್ರೋಟೀನ್‌ಗಳು ತುಂಬ ಏರಿದರೂ ಇದೇ ಆಗುತ್ತದೆ. ಫೈಬ್ರಿನೋಜನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ನಾಲ್ಕು ದಿನ ಬೇಕು. ಅದಕ್ಕೇ ಜ್ವರ ಬಿಟ್ಟ ಮೇಲೂ ಇಎಸ್‌ಆರ್ ಕೆಲವು ದಿನ ಮೇಲೆಯೇ ಇರುತ್ತದೆ, ಅಲ್ವಾ?

ಆಮೇಲೆ ಹೆಮಟೋಕ್ರಿಟ್ 25 ಹಾಕಿ ನೋಡಿದೆ, ಗುಂಪಿನ ಗಾತ್ರ ಮಾತ್ರ ಬದಲಿಸಲಿಲ್ಲ. ವೇಗ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಉರಿಯೂತವೇ ಇಲ್ಲದೆ, ಬರೀ ರಕ್ತಹೀನತೆಯಿಂದ! ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದು. ಇಎಸ್‌ಆರ್ ಜಾಸ್ತಿ ಎಂದು ಬಂದರೆ ಪಕ್ಕದಲ್ಲಿರುವ ಹಿಮೋಗ್ಲೋಬಿನ್ ಅಂಕಿಯನ್ನೂ ಓದಲೇಬೇಕು. ಕುಡುಗೋಲು ಕಣ ರೋಗದಲ್ಲಿ ಇದು ತಿರುವುಮುರುವು. ಆ ಆಕಾರದ ಕಣಗಳು ಸರಿಯಾಗಿ ಜೋಡಣೆಯಾಗುವುದಿಲ್ಲ, ಸೋಂಕಿದ್ದರೂ ಅಂಕಿ ಕಡಿಮೆ ಬರಬಹುದು.

ಹಾಳೆಯಲ್ಲಿ ಇನ್ನೂ ಬಾಕಿ ಇರುವುದು ಸಮಯದ ಕಾಲಂ. ಮೊದಲ ಹತ್ತು ನಿಮಿಷ ಗುಂಪುಗಳು ಕಟ್ಟಿಕೊಳ್ಳುತ್ತಿರುತ್ತವೆ, ಮಟ್ಟ ಅಷ್ಟಾಗಿ ಇಳಿಯುವುದಿಲ್ಲ. ನಂತರ ವೇಗವಾಗಿ ಇಳಿದು, ಕೊನೆಗೆ ತಳದಲ್ಲಿ ಒತ್ತೊತ್ತಾಗಿ ಸೇರುವಾಗ ಮತ್ತೆ ನಿಧಾನ. ಸದ್ಯ ನನ್ನ ಲೆಕ್ಕ ಗಂಟೆಯಿಡೀ ಒಂದೇ ವೇಗ ಇಟ್ಟುಕೊಂಡಿದೆ. ಹತ್ತು ನಿಮಿಷಕ್ಕೊಂದು ಸಾಲು ಮಾಡಿ, ಪ್ರತಿ ಸಾಲಿಗೂ ಗುಂಪಿನ ಗಾತ್ರ ಬೇರೆ ಕೊಡುವುದು ಮುಂದಿನ ಕೆಲಸ.